ತೂಕದ ಏರಿಳಿತದಲ್ಲಿ ಥೈರಾಯ್ಡ್‌ನ ಪಾಲೆಷ್ಟು?

ಹಿರಿಯ ಜಾರ್ಜ್ ಬುಷ್ 1989ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಶ್ವೇತಭವನಕ್ಕೆ ಬಂದ ಹೊಸತರಲ್ಲೇ ಅವರ ಪತ್ನಿ ಬಾರ್ಬರಾ ಇಳಿದುಹೋದರು. ತೂಕ ಸುಮಾರು 8 ಕಿಲೋ ಕಡಿಮೆಯಾಗಿತ್ತು. ಜೊತೆಗೆ ಕಣ್ಣು ಊದಿಕೊಂಡವು, ಎದುರಿನ ವಸ್ತು ಎರಡೆರಡಾಗಿ ಕಾಣತೊಡಗಿತು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಗ್ರೇವ್ಸ್ ಕಾಯಿಲೆ, ಅಂದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ರೋಗ. ಎರಡು ವರ್ಷದ ನಂತರ, 1991ರ ಮೇ 4ರಂದು, ಕ್ಯಾಂಪ್ ಡೇವಿಡ್‌ನಲ್ಲಿ ಓಡುತ್ತಿದ್ದ ಅಧ್ಯಕ್ಷರಿಗೇ ಏದುಸಿರು ಬಂತು. ಆಸ್ಪತ್ರೆಗೆ ಕರೆದೊಯ್ದಾಗ ಹೃದಯದ ಬಡಿತ ತಾಳ ತಪ್ಪಿರುವುದು ಕಂಡಿತು. ಕೆಲವೇ ದಿನಗಳಲ್ಲಿ ಕಾರಣವೂ ತಿಳಿಯಿತು. ಅವರಿಗೂ ಅದೇ ಗ್ರೇವ್ಸ್.

ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಅಂಟುವ ರೋಗ ಇದಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದದ್ದು ಎಷ್ಟು ವಿಚಿತ್ರವೆನಿಸಿತೆಂದರೆ ಅವರು ವಾಸವಿದ್ದ ಕಡೆಗಳ ಕುಡಿಯುವ ನೀರನ್ನೂ ತಪಾಸಣೆ ಮಾಡಿದರು. ಅದರಲ್ಲಿ ಏನೂ ಸಿಗಲಿಲ್ಲ. ಆದರೆ ಈ ದಂಪತಿಯ ಕಥೆಯಲ್ಲಿ ಸಾಮಾನ್ಯ ಓದುಗರಿಗೆ ಬೇಕಾದ ಒಂದು ಸಂಗತಿಯಿದೆ. ಒಂದೇ ಗ್ರಂಥಿಯ ಒಂದೇ ರೋಗ ಒಬ್ಬರಲ್ಲಿ ತೂಕ ಮತ್ತು ಕಣ್ಣಿನ ಮೂಲಕ, ಇನ್ನೊಬ್ಬರಲ್ಲಿ ಎದೆ ಬಡಿತದ ಮೂಲಕ ಹೊರಬಿತ್ತು. ತೂಕ ಒಂದನ್ನೇ ನೋಡಿಕೊಂಡು ಥೈರಾಯ್ಡ್ ಇದೆ ಅಥವಾ ಇಲ್ಲ ಎಂದು ಹೇಳಲಾಗದು.

ನಮ್ಮಲ್ಲಿ ಮಾತ್ರ ಥೈರಾಯ್ಡ್ ಎಂದೊಡನೆ ದಪ್ಪಗಾಗುವುದೇ ನೆನಪಾಗುತ್ತದೆ. ಮದುವೆ ಮನೆಯಲ್ಲಿ ಯಾರಾದರೂ ಸ್ವಲ್ಪ ತುಂಬಿಕೊಂಡು ಕಂಡರೆ "ಥೈರಾಯ್ಡ್ ಚೆಕ್ ಮಾಡಿಸಿದ್ಯೇನೇ?" ಎಂಬ ಪ್ರಶ್ನೆ ಊಟಕ್ಕೆ ಮೊದಲೇ ಬಂದುಬಿಡುತ್ತದೆ. ಬಟ್ಟೆ ಸಡಿಲವಾದವರಿಗೆ ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ಅವರಿಗೆ ಸಿಗುವುದು "ಸಕ್ಕರೆ ಕಾಯಿಲೆ ಇರಬೇಕು ನೋಡು" ಎಂಬ ಎಚ್ಚರಿಕೆ, ಇಲ್ಲವೇ "ಡಯಟ್ ಚೆನ್ನಾಗಿ ಕೆಲಸ ಮಾಡಿದೆ" ಎಂಬ ಮೆಚ್ಚುಗೆ. ವೈದ್ಯಶಾಸ್ತ್ರದ ಲೆಕ್ಕ ಹೆಚ್ಚುಕಡಿಮೆ ಇದಕ್ಕೆ ತಿರುವುಮುರುವು. ಕಾರಣ ತಿಳಿಯದೆ ತೂಕ ಇಳಿದಾಗ ಥೈರಾಯ್ಡ್ ಬಹು ಮುಖ್ಯವಾದ ಅನುಮಾನ. ತೂಕ ಏರಿದಾಗ ಅದರ ಪಾಲು ಜನ ಅಂದುಕೊಂಡಿರುವುದಕ್ಕಿಂತ ಬಹಳ ಚಿಕ್ಕದು.

ಥೈರಾಯ್ಡ್ ಗ್ರಂಥಿ ಇರುವುದು ಕತ್ತಿನ ಮುಂಭಾಗದಲ್ಲಿ, ಗಂಟಲ ಗುಳ್ಳೆಯ ಕೆಳಗೆ, ಉಸಿರುನಾಳವನ್ನು ಅಪ್ಪಿಕೊಂಡಂತೆ. ದೊಡ್ಡವರಲ್ಲಿ ಅದರ ತೂಕ 15ರಿಂದ 20 ಗ್ರಾಂ ಅಷ್ಟೆ. ಊಟದಲ್ಲಿ ಬರುವ ಅಯೋಡಿನ್ ಬಳಸಿ ಅದು ಟಿ4 ಮತ್ತು ಟಿ3 ಎಂಬ ಎರಡು ಹಾರ್ಮೋನು ತಯಾರಿಸುತ್ತದೆ. ದೇಹದ ಬಹುತೇಕ ಎಲ್ಲ ಜೀವಕೋಶಗಳೂ ಎಷ್ಟು ಚುರುಕಾಗಿ ಇಂಧನ ಉರಿಸಬೇಕು ಎಂಬುದು ಈ ಹಾರ್ಮೋನುಗಳ ಮೇಲೆ ನಿಂತಿದೆ. ಹಾರ್ಮೋನು ಸಾಕಷ್ಟಿದೆಯೇ ಎಂದು ನೋಡಿಕೊಳ್ಳುವುದು ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಕಳಿಸುವ ಆದೇಶವೇ ಟಿಎಸ್‌ಎಚ್.

ಲ್ಯಾಬ್ ರಿಪೋರ್ಟ್ ನೋಡಿ ಹಲವರು ತಬ್ಬಿಬ್ಬಾಗುವುದು ಇಲ್ಲಿಯೇ. ಟಿಎಸ್‌ಎಚ್ ಹೆಚ್ಚಿದೆ ಎಂದರೆ ಥೈರಾಯ್ಡ್ ಹೆಚ್ಚಾಗಿದೆ ಎಂದು ಓದಿಕೊಳ್ಳುತ್ತಾರೆ. ಅರ್ಥ ಅದಕ್ಕೆ ವಿರುದ್ಧ. ಕೂಲಿಯಾಳು ಮೈಗಳ್ಳನಾದರೆ ಮೇಸ್ತ್ರಿಯ ಕೂಗು ಜೋರಾಗುತ್ತದೆ, ಆಳು ಹೇಳದೆಯೇ ಮಿತಿಮೀರಿ ದುಡಿಯುತ್ತಿದ್ದರೆ ಮೇಸ್ತ್ರಿ ಸುಮ್ಮನಾಗುತ್ತಾನೆ. ಟಿಎಸ್‌ಎಚ್ ಆ ಕೂಗು. ಗ್ರಂಥಿ ಸೋತಾಗ ಅದು ಏರುತ್ತದೆ, ಗ್ರಂಥಿ ಅತಿಯಾದಾಗ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಹೆಚ್ಚಿನ ಲ್ಯಾಬ್‌ಗಳು ದೊಡ್ಡವರಿಗೆ ಸುಮಾರು 0.4ರಿಂದ 4 ಅಥವಾ 4.5ರವರೆಗಿನ ಅಂಕಿಯನ್ನು ಸಹಜ ಎಂದು ಬರೆಯುತ್ತವೆ. ರಕ್ತದಲ್ಲಿ ಟಿ4 ಸ್ವಲ್ಪ ಅಲುಗಿದರೂ ಟಿಎಸ್‌ಎಚ್ ದೊಡ್ಡದಾಗಿ ಏರುಪೇರಾಗುವುದರಿಂದ, ಮೊದಲ ತಪಾಸಣೆಗೆ ಸಾಮಾನ್ಯವಾಗಿ ಅದೊಂದೇ ಸಾಕು.

ಮೊದಲು ಇಳಿಯುವ ತೂಕದ ವಿಚಾರ.

ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗ ದೇಹ ಮಲಗಿದ್ದರೂ ದುಡಿಯುವವನಷ್ಟು ಉರಿಸುತ್ತದೆ. ಹಸಿವು ಹೆಚ್ಚುತ್ತದೆ, ಎರಡು ಮುದ್ದೆಯ ಕಡೆ ಮೂರು ಇಳಿಯುತ್ತದೆ, ಆದರೂ ತೂಕ ಜಾರುತ್ತಲೇ ಇರುತ್ತದೆ. ಹೊಟ್ಟೆ ತುಂಬ ಉಂಡೂ ಸೊರಗುವುದು ಈ ರೋಗದ ಮುಖ್ಯ ಗುರುತು. ಹೀಗೆ ಕರಗುವುದು ಬರೀ ಕೊಬ್ಬಲ್ಲ. ತೊಡೆ ಮತ್ತು ಭುಜದ ಮಾಂಸಖಂಡವೂ ಕರಗುತ್ತದೆ. ನೆಲದ ಮೇಲೆ ಕೂತವರು ಏಳುವಾಗ ಕೈ ಊರಬೇಕಾಗುತ್ತದೆ, ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ, ಮೇಲಿನ ಅಟ್ಟದಿಂದ ಡಬ್ಬಿ ಇಳಿಸುವಾಗ ತೋಳು ನಡುಗುತ್ತದೆ.

ವೈದ್ಯರು ಇದನ್ನು ಪತ್ತೆ ಹಚ್ಚುವ ರೀತಿ ಸರಳ. ಎರಡೂ ಕೈ ಮುಂದಕ್ಕೆ ಚಾಚಿ ಬೆರಳು ಅಗಲಿಸಲು ಹೇಳಿ, ಅದರ ಮೇಲೆ ಒಂದು ಹಾಳೆ ಇಡುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ನಡುಕವಿದ್ದರೂ ಹಾಳೆಯ ಅಂಚು ಪಟಪಟ ಅನ್ನುತ್ತದೆ. ಅಂಗೈ ಮುಟ್ಟಿದರೆ ಬಿಸಿಯಾಗಿ, ತೇವವಾಗಿರುತ್ತದೆ. ಸುಮ್ಮನೆ ಕೂತಿದ್ದಾಗಲೂ ನಾಡಿ ನಿಮಿಷಕ್ಕೆ ತೊಂಬತ್ತು, ನೂರು ದಾಟಿರುತ್ತದೆ. ಮನೆಯವರೆಲ್ಲ ಹೊದ್ದು ಮಲಗಿದ್ದರೆ ಇವರಿಗೆ ಫ್ಯಾನು ಬೇಕು. ದಿನಕ್ಕೆ ಒಂದು ಸಲವಿದ್ದ ಮಲವಿಸರ್ಜನೆ ಮೂರು ಸಲವಾಗಿರುತ್ತದೆ, ಹೆಂಗಸರಲ್ಲಿ ಮುಟ್ಟಿನ ಸ್ರಾವ ಕಡಿಮೆಯಾಗಿರುತ್ತದೆ. ನಿದ್ದೆ ಬಾರದು, ಸಣ್ಣ ಮಾತಿಗೂ ರೇಗು. ಇದನ್ನೆಲ್ಲ ಟೆನ್ಷನ್ ಎಂದು ತಿಳಿದು ತಿಂಗಳುಗಟ್ಟಲೆ ಕಳೆಯುವವರು ಕಡಿಮೆಯಿಲ್ಲ.

ವಯಸ್ಸಾದವರಲ್ಲಿ ಚಿತ್ರ ಬೇರೆ. ಎಪ್ಪತ್ತು ದಾಟಿದ ಅಜ್ಜನಿಗೆ ನಡುಕವೂ ಇಲ್ಲ, ಸಿಡುಕೂ ಇಲ್ಲ, ಹಸಿವು ಹೆಚ್ಚುವ ಬದಲು ಕಡಿಮೆಯಾಗಿರುತ್ತದೆ. ಮಂಕಾಗಿ ಮೂಲೆ ಹಿಡಿದಿರುತ್ತಾರೆ, ತೂಕ ಇಳಿದಿರುತ್ತದೆ, ಹೃದಯದ ಬಡಿತ ಕ್ರಮ ತಪ್ಪಿರುತ್ತದೆ. ಮನೆಯವರು ವಯಸ್ಸು ಎನ್ನುತ್ತಾರೆ, ಇಲ್ಲವೇ ಕ್ಯಾನ್ಸರ್ ಎಂದು ಹೆದರುತ್ತಾರೆ. ಹೀಗೆ ಇಳಿದ ತೂಕಕ್ಕೂ ತಪ್ಪಿದ ಬಡಿತಕ್ಕೂ ಥೈರಾಯ್ಡ್ ಒಂದೇ ಕಾರಣವಾಗಿರಬಹುದು, ಅದಕ್ಕೆ ಚಿಕಿತ್ಸೆಯೂ ಇದೆ. ಅದಕ್ಕೇ ಹೃದಯದ ಬಡಿತ ಹೊಸದಾಗಿ ತಾಳ ತಪ್ಪಿದವರಿಗೆಲ್ಲ ವೈದ್ಯರು ಟಿಎಸ್‌ಎಚ್ ಮಾಡಿಸುತ್ತಾರೆ.

ತೂಕ ಎಷ್ಟು ಇಳಿದರೆ ಗಂಭೀರವಾಗಿ ತೆಗೆದುಕೊಳ್ಳಬೇಕು? ಪ್ರಯತ್ನಪಡದೆ ಆರು ತಿಂಗಳಿನಿಂದ ಒಂದು ವರ್ಷದೊಳಗೆ ದೇಹತೂಕದ ನೂರಕ್ಕೆ ಐದು ಭಾಗಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಕಾರಣ ಹುಡುಕುತ್ತಾರೆ. 60 ಕಿಲೋ ಇದ್ದವರಿಗೆ ಅದು 3 ಕಿಲೋ. ಹುಡುಕುವಾಗ ಟಿಎಸ್‌ಎಚ್ ಜೊತೆಗೆ ರಕ್ತದ ಸಕ್ಕರೆ ನೋಡಲೇಬೇಕು, ಏಕೆಂದರೆ ಚೆನ್ನಾಗಿ ಉಂಡೂ ಇಳಿಯುವ ಇನ್ನೊಂದು ರೋಗ ಮಧುಮೇಹ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ ಇದ್ದರೆ ಕ್ಷಯದ ಪರೀಕ್ಷೆ ಮೊದಲು ಆಗಬೇಕು. ಊಟವೇ ಸೇರದೆ ಇಳಿಯುತ್ತಿದ್ದರೆ ಹೊಟ್ಟೆಯ ಕಾಯಿಲೆ, ಕ್ಯಾನ್ಸರ್, ಖಿನ್ನತೆಯ ಕಡೆಗೂ ಗಮನ ಹೋಗಬೇಕು. ಟಿಎಸ್‌ಎಚ್ ಸರಿಯಿದೆ ಎಂದು ಬಂದ ಮಾತ್ರಕ್ಕೆ ಇಳಿದ ತೂಕದ ಪ್ರಶ್ನೆ ಮುಗಿಯುವುದಿಲ್ಲ.

ಟಿಎಸ್‌ಎಚ್ ತಳ ಹಿಡಿದು, ಟಿ4 ಅಥವಾ ಟಿ3 ಏರಿದ್ದರೆ ಮುಂದಿನ ಪ್ರಶ್ನೆ, ಯಾವ ಬಗೆಯದು ಎಂಬುದು. ಗ್ರೇವ್ಸ್‌ನಲ್ಲಿ ಗ್ರಂಥಿ ಹೊಸ ಹಾರ್ಮೋನನ್ನೇ ಅತಿಯಾಗಿ ತಯಾರಿಸುತ್ತದೆ. ಹೆರಿಗೆಯಾದ ಮೊದಲ ಕೆಲವು ತಿಂಗಳಲ್ಲಿ ಅಥವಾ ಕೆಲವು ವೈರಸ್ ಸೋಂಕಿನ ನಂತರ ಬರುವ ಉರಿಯೂತದಲ್ಲಿ ಹಾಗಲ್ಲ. ಮೊದಲೇ ಕೂಡಿಟ್ಟ ಹಾರ್ಮೋನು ಸೋರಿ ರಕ್ತಕ್ಕೆ ಬರುತ್ತದೆ ಅಷ್ಟೆ. ಕೆಲವು ವಾರಗಳಲ್ಲಿ ದಾಸ್ತಾನು ಖಾಲಿಯಾಗಿ, ಅದೇ ಗ್ರಂಥಿ ಸ್ವಲ್ಪ ಕಾಲ ಮಂದವಾಗಿಬಿಡುತ್ತದೆ. ಬಾಣಂತಿತನದಲ್ಲಿ ಇಳಿದ ತೂಕ ಮುಂದೆ ಏರುವುದು, ಸಿಡುಕಿನ ನಂತರ ಮಂಕು ಕವಿಯುವುದು ಹೀಗೂ ಆಗಬಹುದು. ಹಾರ್ಮೋನಿನ ತಯಾರಿಯನ್ನು ತಡೆಯುವ ಮಾತ್ರೆ ಗ್ರೇವ್ಸ್‌ಗೆ ಬೇಕು, ಸೋರಿಕೆಗೆ ಅದು ವ್ಯರ್ಥ. ಆದ್ದರಿಂದ ಮಾತ್ರೆಗೆ ಮೊದಲು ಗ್ರೇವ್ಸ್‌ನ ಪ್ರತಿಕಾಯದ ರಕ್ತಪರೀಕ್ಷೆಯನ್ನೋ ಗ್ರಂಥಿಯ ಸ್ಕ್ಯಾನನ್ನೋ ವೈದ್ಯರು ಕೇಳುತ್ತಾರೆ. ಹಾಲೂಡಿಸುವ ತಾಯಂದಿರಿಗೆ ರಕ್ತಪರೀಕ್ಷೆಯೇ ಅನುಕೂಲ.

ಇನ್ನು ಏರುವ ತೂಕ.

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ತರುಣ ವೈದ್ಯ ಜಾರ್ಜ್ ಮರ್ರೆ ಬಳಿಗೆ 46 ವರ್ಷದ ಹೆಂಗಸೊಬ್ಬಳು ಬಂದಳು. ಮುಖ, ಕೈ ಊದಿಕೊಂಡಿದ್ದವು, ಮಾತು ನಿಧಾನ, ಕೂದಲು ಉದುರುತ್ತಿತ್ತು, ಸದಾ ಚಳಿ. ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರ ತೆಗೆದು ಚುಚ್ಚಿದರು. ಕೆಲವೇ ತಿಂಗಳಲ್ಲಿ ಊತ ಇಳಿದು ಅವಳು ಚುರುಕಾದಳು. ಮುಂದೆ ಅದೇ ಸಾರವನ್ನು ಕುಡಿಯುತ್ತ 28 ವರ್ಷ ಬದುಕಿ, 1919ರಲ್ಲಿ 74ನೇ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳಲ್ಲಿ ಅವಳಿಗಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬಳಕೆಯಾಯಿತು ಎಂದು ಮರ್ರೆ ಲೆಕ್ಕ ಬರೆದಿಟ್ಟಿದ್ದಾರೆ. ಇಂದು ಆ ಕೆಲಸವನ್ನು ದಿನಕ್ಕೊಂದು ಲಿವೊಥೈರಾಕ್ಸಿನ್ ಮಾತ್ರೆ ಮಾಡುತ್ತದೆ.

ಆ ಹೆಂಗಸಿನಲ್ಲಿ ಕಂಡದ್ದು ಊತ. ಗ್ರಂಥಿ ಮಂದವಾದಾಗ ಚರ್ಮದಡಿ ನೀರನ್ನು ಹಿಡಿದಿಡುವ ಲೋಳೆಯಂಥ ವಸ್ತು ತುಂಬಿಕೊಳ್ಳುತ್ತದೆ, ಮೂತ್ರಪಿಂಡವೂ ಉಪ್ಪು ನೀರನ್ನು ಸರಿಯಾಗಿ ಹೊರಹಾಕುವುದಿಲ್ಲ. ಹೃದಯ ಅಥವಾ ಕಿಡ್ನಿ ತೊಂದರೆಯ ಊತವನ್ನು ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ಥೈರಾಯ್ಡ್‌ನ ಈ ಲೋಳೆ ಊತದಲ್ಲಿ ಸಾಮಾನ್ಯವಾಗಿ ಗುಳಿ ನಿಲ್ಲುವುದಿಲ್ಲ. ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಬೆರಳಿನ ಉಂಗುರ ಬಿಗಿ, ದನಿ ಒಡಕು, ಇವೆಲ್ಲ ಅದರ ಗುರುತು.

ಡೆನ್ಮಾರ್ಕಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನ ಈ ವಿಷಯವನ್ನು ತೂಗಿಯೇ ತೋರಿಸಿತು. ಗ್ರಂಥಿ ಮಂದವಾಗಿದ್ದವರಿಗೆ ಒಂದು ವರ್ಷ ಚಿಕಿತ್ಸೆ ಕೊಟ್ಟು, ಮೊದಲು ಮತ್ತು ನಂತರ ದೇಹದಲ್ಲಿ ಕೊಬ್ಬೆಷ್ಟು, ಉಳಿದದ್ದೆಷ್ಟು ಎಂದು ಅಳೆದರು. ಸರಾಸರಿ 4 ಕಿಲೋ ತೂಕ ಇಳಿದಿತ್ತು. ಆದರೆ ಕೊಬ್ಬು ಕರಗಿರಲಿಲ್ಲ. ಹೋದದ್ದು ಮುಖ್ಯವಾಗಿ ನೀರು.

ಹೀಗಾಗಿ ಮಂದ ಥೈರಾಯ್ಡ್ ತರುವ ತೂಕಕ್ಕೊಂದು ಮಿತಿಯಿದೆ. ಸಾಮಾನ್ಯವಾಗಿ ಅದು 2ರಿಂದ 5 ಕಿಲೋ, ತೀರಾ ತೀವ್ರವಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಉರಿಯುವ ವೇಗ ತಗ್ಗುವುದು ನಿಜ, ಆದರೆ ಜೊತೆಜೊತೆಗೆ ಹಸಿವೂ ತಗ್ಗುವುದರಿಂದ ಕೊಬ್ಬು ಅಂದುಕೊಂಡಷ್ಟು ಕೂಡುವುದಿಲ್ಲ. ಹದಿನೈದು, ಇಪ್ಪತ್ತು ಕಿಲೋ ಏರಿದವರಲ್ಲಿ ಟಿಎಸ್‌ಎಚ್ ಏರುಪೇರು ಸಿಕ್ಕರೂ, ಆ ತೂಕದ ದೊಡ್ಡ ಪಾಲಿಗೆ ಕಾರಣ ಬೇರೆಡೆಯೇ ಇರುತ್ತದೆ.

ಸಿಕ್ಕರೂ ಎಂದದ್ದಕ್ಕೆ ಕಾರಣವಿದೆ. ನಮ್ಮ ದೇಶದ 8 ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮಂದ ಥೈರಾಯ್ಡ್ ಇತ್ತು. ತೂಕ ಹೆಚ್ಚಿರುವವರಂತೂ ಅದಕ್ಕಿಂತ ಹೆಚ್ಚು. ಎರಡೂ ಇಷ್ಟು ಸಾಮಾನ್ಯವಾಗಿರುವಾಗ ಒಬ್ಬರಲ್ಲೇ ಎರಡೂ ಇರುವುದು ಸಹಜ. ಎರಡೂ ಇವೆ ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತೆಂದು ಆಗುವುದಿಲ್ಲ.

ಇದನ್ನು ಎರಡು ಉದಾಹರಣೆ ಇಟ್ಟುಕೊಂಡು ನೋಡಬಹುದು. ಇಬ್ಬರೂ ಕಲ್ಪಿತರು. ಆದರೆ ಇಂಥವರು ಎಲ್ಲ ಊರಿನ ಕ್ಲಿನಿಕ್‌ಗಳಿಗೂ ಬರುತ್ತಾರೆ.

ಮೊದಲನೆಯವರು 38 ವರ್ಷದ ಶಿಕ್ಷಕಿ. ಮೂರು ವರ್ಷದಲ್ಲಿ 60 ಕಿಲೋದಿಂದ 72ಕ್ಕೆ ಏರಿದ್ದಾರೆ. ಆಯಾಸ ಬಿಟ್ಟರೆ ಬೇರೆ ತೊಂದರೆಯಿಲ್ಲ. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಟಿಎಸ್‌ಎಚ್ 6.2 ಬಂತು, ಟಿ4 ಸಹಜ. ರಿಪೋರ್ಟಿನಲ್ಲಿ ದಪ್ಪಕ್ಷರದ ಅಂಕಿ ಕಂಡು ಅಂತೂ ಕಾರಣ ಸಿಕ್ಕಿತು ಎಂದು ಅವರಿಗೆ ಒಂದು ಬಗೆಯ ಸಮಾಧಾನ. ಇದು ಗಡಿಯಂಚಿನ ಸ್ಥಿತಿ. ಮೇಸ್ತ್ರಿ ಸ್ವಲ್ಪ ದನಿ ಏರಿಸಿದ್ದಾನೆ, ಕೆಲಸ ಮಾತ್ರ ಇನ್ನೂ ಸರಿಯಾಗಿ ನಡೆಯುತ್ತಿದೆ. ಟಿ4 ಸಹಜವಿರುವಾಗ 12 ಕಿಲೋ ಏರಿಕೆಯನ್ನು ಥೈರಾಯ್ಡ್ ತಲೆಗೆ ಕಟ್ಟಲಾಗದು. ಇನ್ನೊಂದು ಸಂಗತಿಯೂ ಇದೆ. ಕೊಬ್ಬು ಹೆಚ್ಚಾದ ದೇಹದಲ್ಲಿ ಟಿಎಸ್‌ಎಚ್ ತಾನೇ ಸ್ವಲ್ಪ ಏರುತ್ತದೆ, ತೂಕ ಇಳಿಸಿದಾಗ ಅದೂ ಇಳಿಯುತ್ತದೆ. ಇಲ್ಲಿ ಏರಿದ ಟಿಎಸ್‌ಎಚ್ ತೂಕದ ಕಾರಣವಾಗಿರದೆ ತೂಕದ ಫಲವೇ ಆಗಿರಬಹುದು.

ವೈದ್ಯರು ಇಲ್ಲಿ ಮಾಡುವುದು, ಎರಡು ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಮತ್ತೆ ಟಿಎಸ್‌ಎಚ್ ಮಾಡಿಸುವುದು. ಜೊತೆಗೆ ಗ್ರಂಥಿಯ ವಿರುದ್ಧದ ಪ್ರತಿಕಾಯವನ್ನು ಒಮ್ಮೆ ನೋಡುವುದು. ಹಲವರಲ್ಲಿ ಎರಡನೇ ಸಲ ಅಂಕಿ ಸಹಜಕ್ಕೆ ಮರಳಿರುತ್ತದೆ. ಪ್ರತಿಕಾಯ ಇದ್ದರೆ ಮುಂದೆ ಗ್ರಂಥಿ ಸೋಲುವ ಸಾಧ್ಯತೆ ಹೆಚ್ಚು, ಆದ್ದರಿಂದ ವರ್ಷಕ್ಕೊಮ್ಮೆ ನೋಡುತ್ತಾರೆ. ಟಿಎಸ್‌ಎಚ್ 10 ದಾಟಿ ನಿಂತರೆ ಅಥವಾ ಗರ್ಭ ಧರಿಸುವ ಯೋಚನೆಯಿದ್ದರೆ ಮಾತ್ರೆಯ ವಿಚಾರ ಬರುತ್ತದೆ. ಗಡಿಯಂಚಿನವರಿಗೆ ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂದು ಯೂರೋಪಿನಲ್ಲಿ 65 ದಾಟಿದ 737 ಜನರ ಮೇಲೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಒಂದು ವರ್ಷದ ನಂತರ ನಿಜವಾದ ಮಾತ್ರೆ ತಿಂದವರಿಗೂ ಸತ್ವವಿಲ್ಲದ ಮಾತ್ರೆ ತಿಂದವರಿಗೂ ಆಯಾಸದಲ್ಲಿ, ಥೈರಾಯ್ಡ್ ಲಕ್ಷಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಶಿಕ್ಷಕಿಯ 12 ಕಿಲೋ ಎಲ್ಲಿಂದ ಬಂತು? ಅದಕ್ಕೆ ಬೇರೆ ಪ್ರಶ್ನೆಗಳನ್ನು ಕೇಳಬೇಕು. ಈ ಮೂರು ವರ್ಷದಲ್ಲಿ ಶುರುವಾದ ಮಾತ್ರೆಗಳು ಯಾವುವು? ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆ ಮತ್ತು ಫಿಟ್ಸ್‌ಗೆ ಕೊಡುವ ಕೆಲವು ಔಷಧಿ ತೂಕ ಏರಿಸುತ್ತವೆ. ಕೀಲು ನೋವಿಗೆಂದು ತಂದ ಹೆಸರಿಲ್ಲದ ಪುಡಿಯಲ್ಲೂ ಸ್ಟೀರಾಯ್ಡ್ ಬೆರೆತಿರಬಹುದು. ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗಿ ಮುಖದ ಮೇಲೆ ಕೂದಲು ಬಂದಿದ್ದರೆ ಪಿಸಿಒಡಿ ಕಡೆ ನೋಡಬೇಕು. ಗೊರಕೆ ಹೊಡೆದು ಹಗಲಲ್ಲಿ ತೂಕಡಿಸುತ್ತಿದ್ದರೆ ಆಯಾಸಕ್ಕೆ ಕಾರಣ ನಿದ್ದೆಯಲ್ಲಿರಬಹುದು. ಟಿಎಸ್‌ಎಚ್ 6.2ಕ್ಕೆ ಮಾತ್ರೆ ಬರೆದು ಕಳಿಸಿದರೆ ಈ ಪ್ರಶ್ನೆಗಳು ಅಲ್ಲೇ ನಿಂತುಹೋಗುತ್ತವೆ.

ಎರಡನೆಯವರು 45 ವರ್ಷದ ಗೃಹಿಣಿ. ಐದು ತಿಂಗಳಲ್ಲಿ ಏರಿದ್ದು 4 ಕಿಲೋ ಮಾತ್ರ. ಆದರೆ ಊಟ ಮೊದಲಿಗಿಂತ ಕಡಿಮೆ. ಬೇಸಿಗೆಯಲ್ಲೂ ಚಳಿ ಅನ್ನುತ್ತಾರೆ, ಮಲಬದ್ಧತೆ ಇದೆ, ಮುಟ್ಟಿನ ಸ್ರಾವ ವಿಪರೀತವಾಗಿದೆ, ಚರ್ಮ ಒಣಗಿದೆ. ಫೋನಿನಲ್ಲಿ ದನಿ ಕೇಳಿದ ಅಕ್ಕ "ನೆಗಡಿಯಾ?" ಎಂದು ಕೇಳುತ್ತಿದ್ದಾರೆ. ಟಿಎಸ್‌ಎಚ್ 48, ಟಿ4 ತೀರಾ ಕಡಿಮೆ. ಇಲ್ಲಿ ಅನುಮಾನಕ್ಕೆ ಎಡೆಯಿಲ್ಲ. ದೇಹತೂಕದ ಒಂದು ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಲೆಕ್ಕದಲ್ಲಿ ಮಾತ್ರೆ ಶುರುವಾಗುತ್ತದೆ. 62 ಕಿಲೋ ಇರುವವರಿಗೆ ಅದು 100 ಮೈಕ್ರೋಗ್ರಾಂ ಆಸುಪಾಸು. ಹೃದಯದ ತೊಂದರೆ ಇರುವವರಿಗೆ, ವಯಸ್ಸಾದವರಿಗೆ 25ರಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್. ಅದಕ್ಕೆ ಮೊದಲು ಮಾಡಿಸಿದರೆ ಪ್ರಯೋಜನವಿಲ್ಲ. ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಒಂದು ವಾರ ಬೇಕು, ಹೊಸ ಪ್ರಮಾಣ ಹದಕ್ಕೆ ಬಂದು ಪಿಟ್ಯುಟರಿ ಅದನ್ನು ಅರಿಯಲು ಇಷ್ಟು ಕಾಲ ಹಿಡಿಯುತ್ತದೆ.

ಕೆಲವು ತಿಂಗಳಲ್ಲಿ ಇವರ ಚಳಿ, ಮಲಬದ್ಧತೆ, ದನಿ ಸರಿಹೋಗುತ್ತವೆ, ತೂಕ ಮೂರು ನಾಲ್ಕು ಕಿಲೋ ಇಳಿಯುತ್ತದೆ. ಅಲ್ಲಿಗೆ ನಿಲ್ಲುತ್ತದೆ. ಟಿಎಸ್‌ಎಚ್ ಸಹಜಕ್ಕೆ ಬಂದ ಮೇಲೂ ಉಳಿದ ತೂಕ ಥೈರಾಯ್ಡ್‌ನದ್ದಲ್ಲ. ಮಾತ್ರೆಯ ಪ್ರಮಾಣ ಏರಿಸಿ ಅದನ್ನು ಇಳಿಸುತ್ತೇನೆಂದರೆ ಕರಗುವುದು ಮಾಂಸಖಂಡ, ಸವೆಯುವುದು ಮೂಳೆ, ಕೆಡುವುದು ಹೃದಯದ ತಾಳ. ಅಮೆರಿಕದಲ್ಲಿ 1960ರ ದಶಕದಲ್ಲಿ ಥೈರಾಯ್ಡ್ ಹಾರ್ಮೋನು, ಉತ್ತೇಜಕ, ಮೂತ್ರ ಬರಿಸುವ ಔಷಧಿ ಎಲ್ಲ ಸೇರಿದ ಬಣ್ಣಬಣ್ಣದ ಸಪೂರ ಮಾತ್ರೆಗಳು ಮಾರಾಟವಾಗಿ ಸಾವುಗಳೂ ಆದವು. ಈಗ ಅಲ್ಲಿ ಲಿವೊಥೈರಾಕ್ಸಿನ್ ಜೊತೆ ಬರುವ ಮಾಹಿತಿಯಲ್ಲಿ, ಇದನ್ನು ತೂಕ ಇಳಿಸಲು ಬಳಸಬಾರದು ಎಂಬ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಮುದ್ರಿಸುತ್ತಾರೆ.

ಹಾಗಾದರೆ ಪರೀಕ್ಷೆ ಯಾವಾಗ ಮಾಡಿಸಬೇಕು?

ಪ್ರಯತ್ನವಿಲ್ಲದೆ ತೂಕ ಇಳಿದಿದ್ದರೆ ತಡಮಾಡಬಾರದು. ಎದೆ ಬಡಿತ, ನಡುಕ, ಸೆಕೆ ಜೊತೆಗಿದ್ದರೆ ಆ ವಾರದಲ್ಲೇ ಆಗಬೇಕು. ತೂಕ ಏರಿದ್ದು, ಜೊತೆಗೆ ಚಳಿ, ಮಲಬದ್ಧತೆ, ಒಣಚರ್ಮ, ಮುಟ್ಟಿನ ಏರುಪೇರು, ದನಿ ಒಡಕು ಇವುಗಳಲ್ಲಿ ಎರಡು ಮೂರು ಸೇರಿದ್ದರೆ ಪರೀಕ್ಷೆಗೆ ಅರ್ಥವಿದೆ. ಮನೆಯಲ್ಲಿ ಥೈರಾಯ್ಡ್ ಇರುವವರು, ಕತ್ತಿನಲ್ಲಿ ಗಳಗಂಡ ಕಂಡವರು, ಇತ್ತೀಚೆಗೆ ಹೆರಿಗೆಯಾದವರು, ಟೈಪ್ 1 ಮಧುಮೇಹ ಇರುವವರು, ಲಿಥಿಯಂ ಅಥವಾ ಅಮಿಯೋಡರೋನ್ ಮಾತ್ರೆ ತಿನ್ನುವವರು, ಇವರಿಗೆ ಸಣ್ಣ ಅನುಮಾನವೂ ಸಾಕು. ಬೇರಾವ ಲಕ್ಷಣವೂ ಇಲ್ಲದೆ ಬೊಜ್ಜು ಮಾತ್ರ ಇರುವವರ ವಿಷಯದಲ್ಲಿ ಯೂರೋಪಿನ ಹಾರ್ಮೋನು ತಜ್ಞರ ಸಂಘ 2020ರಲ್ಲಿ, ಟಿಎಸ್‌ಎಚ್ ಮಾಡಿಸಿ ಎಂದೇ ಹೇಳಿತು. ಮಂದ ಥೈರಾಯ್ಡ್ ಸಾಮಾನ್ಯ, ಪರೀಕ್ಷೆ ಸುಲಭ, ಇದ್ದರೆ ಚಿಕಿತ್ಸೆಯಾಗಬೇಕು ಎಂಬುದು ಅವರ ವಾದ. ಥೈರಾಯ್ಡ್ ಸಹಜವಿದ್ದರೆ ತೂಕಕ್ಕಾಗಿ ಹಾರ್ಮೋನು ಕೊಡಬೇಡಿ ಎಂದೂ ಅದೇ ಸಂಘ ಹೇಳಿದೆ. ಲಕ್ಷಣವಿಲ್ಲದೆ ಒಮ್ಮೆ ಸಹಜವೆಂದು ಬಂದದ್ದನ್ನು ಎರಡು ತಿಂಗಳಿಗೊಮ್ಮೆ ಮತ್ತೆ ಮತ್ತೆ ಮಾಡಿಸುವುದರಿಂದ ಲಾಭವಿಲ್ಲ.

ಡೆಂಗಿ, ನ್ಯುಮೋನಿಯ, ಶಸ್ತ್ರಚಿಕಿತ್ಸೆ ಎಂದು ಆಸ್ಪತ್ರೆಯಲ್ಲಿ ಮಲಗಿರುವಾಗ ಮಾಡಿಸುವುದೂ ಬೇಡ, ಥೈರಾಯ್ಡ್‌ನದ್ದೇ ಗಟ್ಟಿ ಅನುಮಾನವಿದ್ದರೆ ಮಾತು ಬೇರೆ. ದೇಹ ಬೇನೆಯಲ್ಲಿರುವಾಗ ಟಿ3, ಟಿ4, ಟಿಎಸ್‌ಎಚ್ ಮೂರೂ ತಾತ್ಕಾಲಿಕವಾಗಿ ಅಡ್ಡಾದಿಡ್ಡಿಯಾಗುತ್ತವೆ, ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಸ್ವಲ್ಪ ಕಾಲ ಮೇಲಕ್ಕೂ ಹೋಗುತ್ತದೆ. ಗ್ರಂಥಿಯಲ್ಲಿ ಗಂಟು ಕೈಗೆ ಸಿಗದಿದ್ದರೆ, ಟಿಎಸ್‌ಎಚ್ ಏರಿದೆ ಎಂಬ ಒಂದೇ ಕಾರಣಕ್ಕೆ ಅಲ್ಟ್ರಾಸೌಂಡ್ ಕೂಡ ಅನವಶ್ಯಕ. ಅದರಲ್ಲಿ ಕಾಣುವ ನಿರುಪದ್ರವಿ ಗಂಟುಗಳು ಹೊಸ ಚಿಂತೆಯನ್ನು ಹಚ್ಚುತ್ತವೆ.

ಒಂದು ಮೋಸ ಮಾತ್ರ ತಿಳಿದಿರಲೇಬೇಕು. ಕೂದಲು ಉದುರುತ್ತದೆಂದು ತಿನ್ನುವ ಬಯೋಟಿನ್ ಮಾತ್ರೆ ಹಲವು ಲ್ಯಾಬ್ ಯಂತ್ರಗಳ ಪರೀಕ್ಷಾ ವಿಧಾನವನ್ನೇ ಕೆಡಿಸುತ್ತದೆ. ಅಂಗಡಿಯಲ್ಲಿ ಸಿಗುವ 5 ಅಥವಾ 10 ಮಿಲಿಗ್ರಾಂ ಮಾತ್ರೆ ತಿಂದು ರಕ್ತ ಕೊಟ್ಟರೆ ಟಿಎಸ್‌ಎಚ್ ಸುಳ್ಳೇ ಕಡಿಮೆಯಾಗಿ, ಟಿ4 ಮತ್ತು ಟಿ3 ಸುಳ್ಳೇ ಹೆಚ್ಚಾಗಿ, ಗ್ರೇವ್ಸ್ ಇರುವಂತೆಯೇ ರಿಪೋರ್ಟು ಬರಬಹುದು. ಕೂದಲು ಉದುರುವುದೇ ಥೈರಾಯ್ಡ್ ಅನುಮಾನಕ್ಕೂ ಬಯೋಟಿನ್ ನುಂಗುವುದಕ್ಕೂ ಕಾರಣವಾಗಿರುವುದರಿಂದ ಇವೆರಡೂ ಒಟ್ಟಿಗೆ ಸೇರುವುದು ಅಪರೂಪವಲ್ಲ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು. ರಿಪೋರ್ಟಿನಲ್ಲಿ ಥೈರಾಯ್ಡ್ ಅತಿಯಾಗಿದೆ ಎಂದಿದ್ದು, ನಾಡಿ 72, ಅಂಗೈ ತಣ್ಣಗೆ, ತೂಕ ಇದ್ದಂತೇ ಇದ್ದರೆ ಮೊದಲು ಕೇಳಬೇಕಾದ್ದು ಯಾವ ಪೂರಕ ಮಾತ್ರೆ ತಿನ್ನುತ್ತಿದ್ದೀರಿ ಎಂಬುದನ್ನೇ.

ಮಾತ್ರೆ ತಿನ್ನುತ್ತಿದ್ದರೂ ಟಿಎಸ್‌ಎಚ್ ಇಳಿಯದವರ ಮನೆಯಲ್ಲಿ ಹೆಚ್ಚಾಗಿ ಬೆಳಗಿನ ಕಾಫಿಯೇ ಅಡ್ಡಿ. ಲಿವೊಥೈರಾಕ್ಸಿನ್ ಬರಿಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ಇಳಿಯಬೇಕು. ನಂತರ ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ, ತಿಂಡಿಯೂ ಬೇಡ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಇದನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ಅವುಗಳ ನಡುವೆ ನಾಲ್ಕು ಗಂಟೆ ಅಂತರವಿರಬೇಕು. ಬೆಳಿಗ್ಗೆ ಹೊಂದದವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವ ಮುನ್ನ ತೆಗೆದುಕೊಂಡರೂ ಆಗುತ್ತದೆ, ದಿನಾ ಅದೇ ಹೊತ್ತಾಗಿರಬೇಕು ಅಷ್ಟೆ.

ಅತಿಯಾದ ಥೈರಾಯ್ಡ್‌ಗೆ ಚಿಕಿತ್ಸೆ ಪಡೆಯುವವರ ಕಷ್ಟ ಇನ್ನೊಂದು ಬಗೆಯದು. ಕಾರ್ಬಿಮಜೋಲ್ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಎದೆ ಬಡಿತ ಇಳಿಯುತ್ತದೆ, ಉರಿಯುವ ವೇಗ ಸಹಜಕ್ಕೆ ಬರುತ್ತದೆ. ಆದರೆ ಮೂರು ಮುದ್ದೆಗೆ ಒಗ್ಗಿದ ಹೊಟ್ಟೆ ಅಷ್ಟು ಬೇಗ ಎರಡಕ್ಕೆ ಇಳಿಯುವುದಿಲ್ಲ. ಕಳೆದುಕೊಂಡ ತೂಕ ಮರಳಿ ಬರುತ್ತದೆ, ಕೆಲವರಲ್ಲಿ ಮೊದಲಿದ್ದುದನ್ನೂ ದಾಟುತ್ತದೆ. ಇದರಿಂದ ಬೇಸತ್ತು ಮಾತ್ರೆ ಬಿಡುವವರು ಮತ್ತೆ ಹೃದಯದ ತೊಂದರೆಗೆ ದಾರಿ ಮಾಡಿಕೊಳ್ಳುತ್ತಾರೆ. ಊಟದ ಪ್ರಮಾಣವನ್ನು ಚಿಕಿತ್ಸೆ ಶುರುವಾದ ಮೊದಲ ತಿಂಗಳಿಂದಲೇ ಗಮನಿಸುವುದು, ತಿಂಗಳಿಗೊಮ್ಮೆ ತೂಕ ಬರೆದಿಡುವುದು ಉತ್ತಮ. ಈ ಮಾತ್ರೆ ಅಪರೂಪಕ್ಕೆ ರಕ್ತದ ಬಿಳಿಕಣಗಳನ್ನು ಇದ್ದಕ್ಕಿದ್ದಂತೆ ಕುಸಿಯುವಂತೆ ಮಾಡುತ್ತದೆ. ಆದ್ದರಿಂದ ಅದನ್ನು ತಿನ್ನುವಾಗ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಬಿಳಿಕಣಗಳ ಎಣಿಕೆ ಮಾಡಿಸಿ ವೈದ್ಯರಿಗೆ ತೋರಿಸಬೇಕು.